ಓಟಿಯ ಕೈ ಶುಚಿತ್ವ ಆಡಿಟ್: ಎರಡು ಹಾಳೆ, ಎರಡು ಲೆಕ್ಕ

ಪ್ರಶ್ನೆ: ನಾನು ತಾಲ್ಲೂಕು ಮಟ್ಟದ ಆಸ್ಪತ್ರೆಯೊಂದರಲ್ಲಿ ಓಟಿ ಇನ್‌ಚಾರ್ಜ್ ಸ್ಟಾಫ್ ನರ್ಸ್. ನಮ್ಮಲ್ಲಿ ಬರುವುದು ಹೆಚ್ಚಾಗಿ ಸಿಸೇರಿಯನ್, ಹರ್ನಿಯಾ, ಅಪೆಂಡಿಕ್ಸ್ ಕೇಸುಗಳು. ತಿಂಗಳಿಗೊಮ್ಮೆ ಕೈ ಶುಚಿತ್ವದ ಆಡಿಟ್ ಮಾಡುತ್ತೇವೆ, ವಾರ್ಡಿನ ಫಾರ್ಮನ್ನೇ ಬಳಸುತ್ತೇವೆ. ಯಾವ ತಿಂಗಳೂ ಶೇ. 95ಕ್ಕಿಂತ ಕಡಿಮೆ ಬಂದಿಲ್ಲ. ಕ್ರಮದ ಕಾಲಮ್ಮಿನಲ್ಲಿ ‘ಸಿಬ್ಬಂದಿಗೆ ತಿಳಿವಳಿಕೆ ನೀಡಲಾಗಿದೆ’ ಎಂದು ಬರೆದು ಸಹಿ ಹಾಕುತ್ತೇವೆ. ಈ ಸಲ ಬಂದ ಪರಿಶೀಲಕರು ಓಟಿಗೆ ಬೇರೆಯೇ ಫಾರ್ಮ್ ಮಾಡಿಕೊಳ್ಳಿ ಎಂದರು. ಅಂಕ ಹೇಗೆ ಕೊಡುವುದು, ಕ್ರಮದ ಕಾಲಮ್ಮಿನಲ್ಲಿ ಏನು ಬರೆಯುವುದು?

ಉತ್ತರ: ಸಿಸ್ಟರ್, ಫಾರ್ಮನ್ನು ಮೊದಲು ಎರಡು ಹಾಳೆ ಮಾಡಿ. ಓಟಿಯೊಳಗೆ ಕೈ ಶುಚಿತ್ವ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಸರ್ಜನ್, ಅಸಿಸ್ಟೆಂಟ್ ಮತ್ತು ಸ್ಕ್ರಬ್ ನರ್ಸ್ ಗೌನ್ ಹಾಕುವ ಮುನ್ನ ಮಾಡುವ ಸರ್ಜಿಕಲ್ ಸ್ಕ್ರಬ್ ಒಂದು. ಅದು ಕೇಸಿಗೆ ಒಂದು ಸಲ, ಹಂತ ಹಂತವಾಗಿ ನಡೆಯುವ ಕೆಲಸ. ಸ್ಕ್ರಬ್ ಆಗದೆ ಓಟಿಯಲ್ಲಿ ಓಡಾಡುವವರು, ಅಂದರೆ ಅರಿವಳಿಕೆ ವೈದ್ಯರು, ಸರ್ಕ್ಯುಲೇಟಿಂಗ್ ಸಿಸ್ಟರ್, ಟೆಕ್ನಿಷಿಯನ್, ಗ್ರೂಪ್ ಡಿ ಸಿಬ್ಬಂದಿ, ಕೇಸಿನುದ್ದಕ್ಕೂ ಮತ್ತೆ ಮತ್ತೆ ಮಾಡಬೇಕಾದ ಕೈ ಶುಚಿ ಇನ್ನೊಂದು. ಮೊದಲನೆಯದನ್ನು ಎಲ್ಲರೂ ನೋಡುತ್ತಾರೆ, ಆದ್ದರಿಂದ ಎಲ್ಲರೂ ಮಾಡುತ್ತಾರೆ. ಎರಡನೆಯದನ್ನು ಯಾರೂ ನೋಡುವುದಿಲ್ಲ. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಸ್ಕ್ರಬ್ ಸಿಂಕಿನ ಒಳ್ಳೆಯ ಅಂಕ ಉಳಿದದ್ದನ್ನೆಲ್ಲ ಮುಚ್ಚಿಹಾಕುತ್ತದೆ.

ನಿಮ್ಮ 95ಕ್ಕೆ ಇನ್ನೊಂದು ಕಾರಣವೂ ಇರಬಹುದು. ಫಾರ್ಮಿನಲ್ಲಿ ‘ನಲ್ಲಿಯಲ್ಲಿ ನೀರು ಬರುತ್ತದೆಯೇ’, ‘ಸೋಪು ಇದೆಯೇ’, ‘ಪೋಸ್ಟರ್ ಅಂಟಿಸಿದೆಯೇ’ ಎಂಬ ಸಾಲುಗಳಿವೆಯೇ ನೋಡಿ. ಅವು ಸೌಲಭ್ಯದ ಪ್ರಶ್ನೆಗಳು. ಕಾಯಕಲ್ಪದ ಚೆಕ್‌ಲಿಸ್ಟಿನಲ್ಲಿ ಅವಕ್ಕೆ ಜಾಗವಿದೆ, ಅಲ್ಲಿನ 2-1-0 ಅಂಕವೂ ಅವಕ್ಕೆ ಸರಿಹೊಂದುತ್ತದೆ. ಜನ ಏನು ಮಾಡಿದರು ಎಂಬ ಲೆಕ್ಕದೊಳಗೆ ಅವನ್ನು ಸೇರಿಸಬಾರದು. ಪೋಸ್ಟರ್ ತಿಂಗಳುಗಟ್ಟಲೆ ಗೋಡೆಯ ಮೇಲೇ ಇದ್ದು ಪ್ರತಿ ಸಲವೂ ಪೂರ್ಣ ಅಂಕ ತಂದುಕೊಡುತ್ತದೆ.

ಹಾಳೆ ಒಂದು: ಸ್ಕ್ರಬ್ ಆಗದವರು

ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ಕೊಟ್ಟ ಐದು ಮೊಮೆಂಟುಗಳೇ ಆಧಾರ: ರೋಗಿಯನ್ನು ಮುಟ್ಟುವ ಮುನ್ನ, ಅಸೆಪ್ಟಿಕ್ ಕೆಲಸಕ್ಕೆ ಮುನ್ನ, ರಕ್ತ ಅಥವಾ ದೇಹದ್ರವ ತಗಲುವ ಕೆಲಸದ ನಂತರ, ರೋಗಿಯನ್ನು ಮುಟ್ಟಿದ ನಂತರ, ರೋಗಿಯ ಸುತ್ತಲಿನ ವಸ್ತು ಮುಟ್ಟಿದ ನಂತರ. ವಾರ್ಡಿನಲ್ಲಿ ಮಂಚ, ಲಾಕರ್ ರೋಗಿಯವು ಎಂದು ಯಾರಿಗಾದರೂ ಗೊತ್ತಾಗುತ್ತದೆ. ಓಟಿಯಲ್ಲಿ ಈ ಗಡಿ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಮೊದಲೇ ತೀರ್ಮಾನಿಸಿ ಫಾರ್ಮಿನ ಹಿಂಬದಿಯಲ್ಲಿ ಬರೆದಿಡದಿದ್ದರೆ ಇಬ್ಬರು ನೋಡಿದಾಗ ಎರಡು ಲೆಕ್ಕ ಬರುತ್ತದೆ.

ನಾನು ಸೂಚಿಸುವ ಗಡಿ ಹೀಗಿದೆ. ಓಟಿ ಟೇಬಲ್, ಮಾನಿಟರ್, ಅರಿವಳಿಕೆ ಯಂತ್ರ, ಡ್ರಿಪ್ ಸ್ಟ್ಯಾಂಡ್ ಇವು ಆ ಕೇಸು ಮುಗಿಯುವವರೆಗೆ ರೋಗಿಯ ವಲಯ. ಔಷಧದ ಟ್ರಾಲಿ, ಸೂಚರ್ ಕಪಾಟು, ಫೋನು, ಬಾಗಿಲಿನ ಹಿಡಿ, ರಿಜಿಸ್ಟರ್ ಇವು ಎಲ್ಲ ರೋಗಿಗಳಿಗೂ ಸೇರಿದ್ದು, ಹೊರವಲಯ. ಹಾಗಾಗಿ ರೋಗಿಯ ಬಾಯಿಗೆ ಏರ್‌ವೇ ಹಾಕಿದ ಕೈಯಿಂದ ಟ್ರಾಲಿಯ ಡ್ರಾಯರ್ ಎಳೆದರೆ ಒಂದು ಮೊಮೆಂಟ್ ತಪ್ಪಿತು. ಆ ಡ್ರಾಯರಿನ ಹಿಡಿಯ ಮೇಲೆ ಉಳಿದದ್ದು ಮುಂದಿನ ಕೇಸಿನ ಸಿರಿಂಜಿಗೆ ಹೋಗುತ್ತದೆ. ಅರಿವಳಿಕೆ ಕೆಲಸದ ಜಾಗದ ಸೋಂಕು ತಡೆಗೆ ಅಮೆರಿಕದ ‘ಶಿಯಾ’ ಸಂಘ ಕೊಟ್ಟಿರುವ ಮಾರ್ಗದರ್ಶನವೂ ಟ್ರಾಲಿಯೊಳಗಿನದನ್ನು ಮುಟ್ಟುವ ಮುನ್ನ, ಗ್ಲೌಸ್ ತೆಗೆದ ಮೇಲೆ, ಓಟಿಯೊಳಗೆ ಬರುವಾಗ ಹಾಗೂ ಹೊರಹೋಗುವಾಗ ಕೈ ಶುಚಿ ಮಾಡಬೇಕು ಎನ್ನುತ್ತದೆ. ಆದರೆ ಮಾನಿಟರಿನ ಬಟನ್ ಒತ್ತಿ ಅದೇ ಕೈಯಿಂದ ಅದೇ ರೋಗಿಯ ನಾಡಿ ಹಿಡಿದರೆ ಲೆಕ್ಕಕ್ಕೆ ಏನೂ ಇಲ್ಲ, ಎರಡೂ ಒಂದೇ ವಲಯದೊಳಗಿನವು. ಬಟನ್ ಒತ್ತಿದ ಕೈಯಿಂದ ತ್ರೀ-ವೇಗೆ ಸಿರಿಂಜ್ ಹಾಕಿದರೆ ಮಾತ್ರ ಎರಡನೆಯ ಮೊಮೆಂಟ್ ಬರುತ್ತದೆ, ಏಕೆಂದರೆ ಅಲ್ಲಿಂದ ದಾರಿ ನೇರ ರಕ್ತನಾಳಕ್ಕೆ.

ಇನ್ನೊಂದು ನಿಯಮ ಸಂದರ್ಭ ಮತ್ತು ಮೊಮೆಂಟಿನ ನಡುವಿನ ವ್ಯತ್ಯಾಸದ್ದು. ಸಿಸ್ಟರ್ ರಕ್ತದ ಮಾಪುಗಳನ್ನು ಎಣಿಸಿ ಗ್ಲೌಸ್ ತೆಗೆದು ನೇರವಾಗಿ ಹೊಸ ಸೂಚರ್ ಪ್ಯಾಕ್ ಬಿಡಿಸಲು ಹೋದರು ಎನ್ನಿ. ಅಲ್ಲಿ ಮೂರನೆಯ ಮೊಮೆಂಟೂ ಇದೆ, ಎರಡನೆಯದೂ ಇದೆ, ಆದರೆ ಕೈ ಶುಚಿ ಮಾಡಬೇಕಾದದ್ದು ಒಂದೇ ಸಲ. ಆದ್ದರಿಂದ ಅದು ಒಂದು ಸಂದರ್ಭ, ಎರಡು ಮೊಮೆಂಟ್. ಶೇಕಡಾವಾರು ತೆಗೆಯುವುದು ಸಂದರ್ಭಗಳ ಮೇಲೆ:

ಪಾಲನೆ (ಶೇ.) = ಕೈ ಶುಚಿ ಮಾಡಿದ ಸಂದರ್ಭಗಳು ÷ ಒಟ್ಟು ಸಂದರ್ಭಗಳು × 100

ಅಂಕ 1 ಅಥವಾ 0 ಮಾತ್ರ. ಇಲ್ಲಿ ಅರ್ಧ ಅಂಕಕ್ಕೆ ಜಾಗವಿಲ್ಲ. ‘ಭಾಗಶಃ’ ಎಂಬ ಆಯ್ಕೆ ಕೊಟ್ಟರೆ ನೋಡುವವರ ದಾಕ್ಷಿಣ್ಯವೆಲ್ಲ ಅಲ್ಲಿಗೇ ಹೋಗಿ ಸೇರುತ್ತದೆ, ಅದರಲ್ಲೂ ಹಿರಿಯ ಡಾಕ್ಟರನ್ನು ನೋಡಿ ಬರೆಯುವಾಗ. ಹಳೆಯ ಗ್ಲೌಸ್ ಮೇಲೆ ಹೊಸ ಗ್ಲೌಸ್ ಹಾಕಿಕೊಂಡರೂ, ಕೈ ಶುಚಿ ಮಾಡದೆ ಗ್ಲೌಸ್ ಬದಲಾಯಿಸಿದರೂ ಅಂಕ 0, ಪಕ್ಕದಲ್ಲಿ ‘ಗ್ಲೌಸ್ ಮಾತ್ರ’ ಎಂದು ಗುರುತು. ಈ ಗುರುತು ಮುಂದೆ ಕ್ರಮದ ಕಾಲಮ್ಮಿಗೆ ಬೇಕಾಗುತ್ತದೆ. ಹ್ಯಾಂಡ್‌ರಬ್ ಅನ್ನು 20-30 ಸೆಕೆಂಡು ಸರಿಯಾಗಿ ಉಜ್ಜಿದರೇ ಎಂಬುದನ್ನೂ ನೋಡಬೇಕೆನಿಸಿದರೆ ಅದಕ್ಕೆ ಬೇರೆ ಕಾಲಮ್ ಇಡಿ, ಈ ಅಂಕಕ್ಕೆ ಕೂಡಿಸಬೇಡಿ.

ಸ್ಪೈನಲ್ ಕೊಟ್ಟು ಮಾಡುವ ಒಂದು ಸಿಸೇರಿಯನ್ ಕೇಸಿನಲ್ಲಿ, ರೋಗಿ ಟೇಬಲ್ಲಿಗೆ ಬಂದಾಗಿನಿಂದ ಮಗು ಹೊರಬಂದ ಸ್ವಲ್ಪ ಹೊತ್ತಿನವರೆಗೆ ತುಂಬಿದ ಹಾಳೆ ಹೀಗೆ ಕಾಣಬಹುದು:

| ಯಾರು | ಸಂದರ್ಭ | ಮೊಮೆಂಟ್ | ಮಾಡಿದ್ದು | ಅಂಕ |
|---|---|---|---|---|
| ಅರಿವಳಿಕೆ | ಇಸಿಜಿ ಲೀಡ್, ಬಿಪಿ ಕಫ್ ಹಾಕುವ ಮುನ್ನ | 1 | ರಬ್ | 1 |
| ಅರಿವಳಿಕೆ | ಮಾನಿಟರ್ ಮುಟ್ಟಿ, ತ್ರೀ-ವೇಗೆ ಸಿರಿಂಜ್ ಹಾಕುವ ಮುನ್ನ | 2 | ಇಲ್ಲ | 0 |
| ಸರ್ಕ್ಯುಲೇಟಿಂಗ್ | ಮೂತ್ರದ ಕ್ಯಾಥೆಟರ್ ಹಾಕುವ ಮುನ್ನ | 2 | ಗ್ಲೌಸ್ ಮಾತ್ರ | 0 |
| ಸರ್ಕ್ಯುಲೇಟಿಂಗ್ | ಕ್ಯಾಥೆಟರ್ ಹಾಕಿ ಗ್ಲೌಸ್ ತೆಗೆದ ಮೇಲೆ | 3 | ರಬ್ | 1 |
| ಟೆಕ್ನಿಷಿಯನ್ | ಹೊರಗಿನಿಂದ ಬಂದು ಕಾಟರಿ ಪ್ಲೇಟ್ ಅಂಟಿಸುವ ಮುನ್ನ | 1 | ರಬ್ | 1 |
| ಅರಿವಳಿಕೆ | ರೋಗಿಯನ್ನು ಮುಟ್ಟಿ, ಟ್ರಾಲಿ ಡ್ರಾಯರ್ ತೆಗೆಯುವ ಮುನ್ನ | 4 | ಇಲ್ಲ | 0 |
| ಸರ್ಕ್ಯುಲೇಟಿಂಗ್ | ರಕ್ತದ ಮಾಪ್ ಎಣಿಸಿ, ಸೂಚರ್ ಪ್ಯಾಕ್ ಬಿಡಿಸುವ ಮುನ್ನ | 3, 2 | ಇಲ್ಲ | 0 |

ಏಳು ಸಂದರ್ಭಗಳಲ್ಲಿ ಮೂರು, ಶೇ. 43. ಇದೇ ಕೇಸಿಗೆ ನಿಮ್ಮ ಹಳೆಯ ಫಾರ್ಮ್ 95 ಕೊಟ್ಟಿದ್ದರೂ ಆಶ್ಚರ್ಯವಿಲ್ಲ. ಹೆಸರು ಬರೆಯುವ ಕಾಲಮ್ ಬೇಡ, ಹುದ್ದೆ ಸಾಕು. ಹೆಸರು ಬಂದ ದಿನದಿಂದ ಜನ ನಿಮ್ಮನ್ನು ಕಂಡಾಗ ಮಾತ್ರ ಬಾಟಲಿ ಒತ್ತುತ್ತಾರೆ. ಹಾಳೆಯ ತಲೆಯಲ್ಲಿ ದಿನಾಂಕ, ಶುರು ಮತ್ತು ಮುಗಿದ ಸಮಯ, ಕೇಸಿನ ಬಗೆ, ಕೇಸಿನ ಯಾವ ಘಟ್ಟ, ನೋಡಿದವರು ಯಾರು ಎಂಬುದಿಷ್ಟು ಇರಲಿ.

ಒಂದು ಸಲಕ್ಕೆ 20 ನಿಮಿಷ ನೋಡಿದರೆ ಸಾಕು. ಮೂವರಿಗಿಂತ ಹೆಚ್ಚು ಜನರನ್ನು ಒಟ್ಟಿಗೆ ನೋಡಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಓಟಿಯಲ್ಲಿ ಇಬ್ಬರಿಂದ ಶುರುಮಾಡಿ, ಏಕೆಂದರೆ ಅರಿವಳಿಕೆ ಕೊಡುವ ಹೊತ್ತಿನಲ್ಲಿ ಒಬ್ಬರ ಕೈಗಳೇ ನಿಮ್ಮ ಪೆನ್ನಿಗಿಂತ ವೇಗವಾಗಿ ಓಡುತ್ತವೆ. ಯಾವ ಹೊತ್ತಿಗೆ ನೋಡುತ್ತೀರಿ ಎಂಬುದರ ಮೇಲೆ ಫಲಿತಾಂಶ ನಿಂತಿರುತ್ತದೆ. ಬೆಳಗಿನ ಮೊದಲ ಕೇಸನ್ನು ಮಾತ್ರ ನೋಡಿದರೆ ಅಂಕ ಚೆನ್ನಾಗಿಯೇ ಬರುತ್ತದೆ. ಒಂದು ಕೇಸು ಹೊರಹೋಗಿ ಇನ್ನೊಂದು ಒಳಬರುವ ನಡುವಿನ ಅವಸರ ಹಾಗೂ ರಾತ್ರಿಯ ತುರ್ತು ಸಿಸೇರಿಯನ್, ಇವೆರಡೂ ತಿಂಗಳ ಲೆಕ್ಕದಲ್ಲಿ ಇರಲೇಬೇಕು. ರೋಗಿಗೆ ಹೃದಯಸ್ತಂಭನವಾದಾಗ ಅಥವಾ ಹೆರಿಗೆಯ ರಕ್ತಸ್ರಾವ ಕೈಮೀರಿದಾಗ ಪೆನ್ನು ಕೆಳಗಿಟ್ಟು ‘ತುರ್ತು, ಲೆಕ್ಕಕ್ಕಿಲ್ಲ’ ಎಂದು ಬರೆದುಬಿಡಿ.

ಹಾಳೆ ಎರಡು: ಸರ್ಜಿಕಲ್ ಸ್ಕ್ರಬ್

ಇಲ್ಲಿ ಒಬ್ಬರ ಒಂದು ಸ್ಕ್ರಬ್ ಅಂದರೆ ಒಂದು ಸಾಲು, ಅದಕ್ಕೆ ಏಳು ಹಂತ. ಉಂಗುರ, ಗಡಿಯಾರ, ಬಳೆ, ಮಣಿಕಟ್ಟಿನ ದಾರ ಎಲ್ಲ ತೆಗೆದಿದೆ, ಉಗುರು ಗಿಡ್ಡವಾಗಿದೆ. ದಿನದ ಮೊದಲ ಸ್ಕ್ರಬ್‌ಗೆ ಮುನ್ನ ಸಾದಾ ಸೋಪಿನಿಂದ ತೊಳೆದು, ಹರಿಯುವ ನೀರಿನಡಿ ಉಗುರಿನ ಸಂದು ಶುಚಿ ಮಾಡಿದೆ. ಉತ್ಪನ್ನ ಕೈ ಮೇಲಿದ್ದ ಸಮಯ ಸರಿಯಾಗಿದೆ. ಬೆರಳ ತುದಿ, ಹೆಬ್ಬೆರಳು, ಮುಂಗೈಯಿಂದ ಮೊಣಕೈವರೆಗೆ ಯಾವುದೂ ಬಿಟ್ಟಿಲ್ಲ. ಉದ್ದಕ್ಕೂ ಕೈ ಮೊಣಕೈಗಿಂತ ಮೇಲಿದೆ, ನಲ್ಲಿಯನ್ನು ಬೆರಳಿನಿಂದ ಮುಟ್ಟಿಲ್ಲ. ಸ್ಟರೈಲ್ ಟವೆಲ್‌ನಿಂದ ಒರೆಸಿದೆ, ರಬ್ ಆಗಿದ್ದರೆ ಪೂರ್ತಿ ಒಣಗಿದೆ. ಗೌನ್ ಹಾಕುವವರೆಗೆ ಬೇರೇನೂ ಮುಟ್ಟಿಲ್ಲ.

ಸಮಯವನ್ನು ಅಂದಾಜಿನಲ್ಲಿ ಬರೆಯಬೇಡಿ, ಗಡಿಯಾರ ನೋಡಿ. ಕ್ಲೋರ್‌ಹೆಕ್ಸಿಡಿನ್ ಅಥವಾ ಪೊವಿಡೋನ್ ಅಯೋಡಿನ್ ಸ್ಕ್ರಬ್‌ಗೆ ಬಾಟಲಿಯ ಮೇಲೆ ಹೇಳಿದಷ್ಟು, ಸಾಮಾನ್ಯವಾಗಿ 2ರಿಂದ 5 ನಿಮಿಷ. ಹತ್ತು ನಿಮಿಷ ಉಜ್ಜುವ ಹಳೆಯ ಪದ್ಧತಿ ಬೇಕಿಲ್ಲ, ಚರ್ಮಕ್ಕೆ ಬ್ರಷ್ ಹಾಕುವುದಂತೂ ಬೇಡವೇ ಬೇಡ. ಚರ್ಮ ಸವೆದಷ್ಟೂ ಅಲ್ಲಿ ಬ್ಯಾಕ್ಟೀರಿಯಾಗಳಿಗೆ ಜಾಗವಾಗುತ್ತದೆ. ಆಲ್ಕೋಹಾಲ್ ರಬ್ ಆದರೆ ಹೇಳಿದ ಅವಧಿಯುದ್ದಕ್ಕೂ ಕೈ ಒದ್ದೆಯಾಗಿಯೇ ಇರುವಷ್ಟು ಹಾಕಿಕೊಳ್ಳಬೇಕು, ಹಾಕಿಕೊಳ್ಳುವಾಗ ಚರ್ಮ ಒಣಗಿರಬೇಕು. ನೀರು ಉಳಿದಿದ್ದರೆ ಆಲ್ಕೋಹಾಲ್ ತೆಳುವಾಗುತ್ತದೆ. ಕೆಲವು ಕಡೆ ಔಷಧದ ಸ್ಕ್ರಬ್ ಮುಗಿಸಿ ಅದರ ಮೇಲೆ ‘ಇನ್ನೂ ಭದ್ರವಾಗಲಿ’ ಎಂದು ರಬ್ ಹಾಕಿಕೊಳ್ಳುತ್ತಾರೆ. ಒಂದರ ಮೇಲೊಂದು ಬೇಡ ಎಂದು ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿದೆ. ಯಾವುದಾದರೂ ಒಂದನ್ನು ಆರಿಸಿಕೊಳ್ಳಿ.

ಈಗ ಅಂಕ. ಹತ್ತು ಸ್ಕ್ರಬ್ ನೋಡಿದಿರಿ, ಹಂತಗಳು ಒಟ್ಟು 70. ಅವುಗಳಲ್ಲಿ 66 ಸರಿ, ನಾಲ್ಕು ತಪ್ಪು. ಹಂತಗಳ ಲೆಕ್ಕದಲ್ಲಿ ಇದು ಶೇ. 94, ಓದಲು ಹಿತ. ಆದರೆ ಆ ನಾಲ್ಕು ತಪ್ಪು ನಾಲ್ಕು ಬೇರೆ ಬೇರೆ ಜನರದ್ದಾಗಿದ್ದರೆ ಪೂರ್ತಿ ಸರಿಯಾದ ಸ್ಕ್ರಬ್ ಆರು ಮಾತ್ರ, ಶೇ. 60. ಒಬ್ಬರ ಮಣಿಕಟ್ಟಿನಲ್ಲಿ ದಾರ ಉಳಿದಿತ್ತು, ಇನ್ನೊಬ್ಬರು ಒಂದೇ ನಿಮಿಷಕ್ಕೆ ಮುಗಿಸಿದರು, ಮತ್ತೊಬ್ಬರು ಒಣಗುವ ಮುನ್ನ ಗ್ಲೌಸ್ ಎಳೆದುಕೊಂಡರು, ನಾಲ್ಕನೆಯವರು ಕೈಯಿಂದಲೇ ನಲ್ಲಿ ತಿರುಗಿಸಿದರು. ರೋಗಿಯ ಹೊಟ್ಟೆಯೊಳಗೆ ಹೋಗುವುದು ಇಡೀ ಕೈ, ಹಂತಗಳ ಸರಾಸರಿಯಲ್ಲ. ಹಾಗಾಗಿ ಮೇಲಿನವರಿಗೆ ಕಳಿಸುವ ಅಂಕ ‘ಪೂರ್ತಿ ಸರಿ’ಯದ್ದಾಗಿರಲಿ. ಹಂತಗಳ ಲೆಕ್ಕವನ್ನು ಎಲ್ಲಿ ಜಾರುತ್ತಿದೆ ಎಂದು ತಿಳಿಯಲು ನೀವು ಇಟ್ಟುಕೊಳ್ಳಿ.

ಈ ಹಾಳೆಯ ವಿಷಯದಲ್ಲಿ ಸುಮ್ಮನೆ ನಿಂತು ನೋಡುವ ಹಾಗಿಲ್ಲ. ತಪ್ಪು ಕಂಡ ಕೂಡಲೇ, ಗೌನ್ ಹಾಕುವ ಮುನ್ನವೇ, ‘ಸರ್, ದಾರ ಉಳಿದಿದೆ’ ಎಂದು ಹೇಳಿಬಿಡಿ. ಅವರು ತಿದ್ದಿಕೊಂಡು ಮತ್ತೆ ಸ್ಕ್ರಬ್ ಮಾಡಿದರೂ ಹಾಳೆಯಲ್ಲಿ 0 ಹಾಗೆಯೇ ಇರಲಿ, ಪಕ್ಕದಲ್ಲಿ ‘ಹೇಳಿದ ಮೇಲೆ ಸರಿಪಡಿಸಿದರು’ ಎಂಬ ಗುರುತು ಬರಲಿ. ಶಸ್ತ್ರಚಿಕಿತ್ಸೆ ಮುಗಿದು ಗ್ಲೌಸ್ ತೆಗೆದ ಕ್ಷಣದಿಂದ ಸರ್ಜನ್ ಕೂಡ ಮೊದಲ ಹಾಳೆಗೆ ಬರುತ್ತಾರೆ. ಗ್ಲೌಸ್ ತೆಗೆದು ಹಾಗೆಯೇ ಕೇಸ್‌ಶೀಟಿಗೆ ಕೈ ಹಾಕುವುದು ಬಹಳ ಕಡೆ ಕಾಣುತ್ತದೆ.

ಕ್ರಮದ ಕಾಲಮ್

ಕ್ರಮವನ್ನು ದಿನದ ಹಾಳೆಯಲ್ಲಿ ಬರೆಯಲು ಹೋಗಬೇಡಿ. ಪ್ರತಿ ಸೊನ್ನೆಯ ಪಕ್ಕ ಏನಾದರೂ ಬರೆಯಲೇಬೇಕು ಎಂದಾಗಲೇ ‘ತಿಳಿವಳಿಕೆ ನೀಡಲಾಗಿದೆ’ ಎಂಬ ಸಾಲು ಹುಟ್ಟುವುದು. ತಿಂಗಳ ಕೊನೆಗೆ ಎಲ್ಲ ಹಾಳೆ ಒಟ್ಟು ಮಾಡಿ, ಒಂದು ಸಾರಾಂಶದ ಹಾಳೆಯಲ್ಲಿ ಆರು ಕಾಲಮ್ ಇಡಿ: ಏನು ಕಂಡಿತು, ಕಾರಣವೇನು, ಏನು ಬದಲಿಸುತ್ತೇವೆ, ಯಾರು, ಯಾವ ದಿನಾಂಕದೊಳಗೆ, ಆಯಿತೆಂದು ಹೇಗೆ ಗೊತ್ತಾಗುತ್ತದೆ. ಸಾಲುಗಳು ಎರಡು ಅಥವಾ ಮೂರಕ್ಕಿಂತ ಹೆಚ್ಚು ಬೇಡ.

ಒಂದು ತಿಂಗಳ ಲೆಕ್ಕವನ್ನು ಉದಾಹರಣೆಗೆ ಹಿಡಿಯೋಣ. ಒಟ್ಟು 80 ಸಂದರ್ಭ, ಮಾಡಿದ್ದು 48, ಅಂದರೆ ಶೇ. 60. ಈ ಒಂದು ಸಂಖ್ಯೆಯಿಂದ ಏನೂ ಮಾಡಲಾಗದು, ಬಿಡಿಸಿ ನೋಡಿ. ಅರಿವಳಿಕೆ ತಂಡ 32ರಲ್ಲಿ 14, ಸರ್ಕ್ಯುಲೇಟಿಂಗ್ ಸಿಸ್ಟರುಗಳು 24ರಲ್ಲಿ 18, ಟೆಕ್ನಿಷಿಯನ್ ಮತ್ತು ಗ್ರೂಪ್ ಡಿ 14ರಲ್ಲಿ 8, ಸರ್ಜನ್ನರು 10ರಲ್ಲಿ 8. ಮೊಮೆಂಟಿನ ಪ್ರಕಾರ ನೋಡಿದರೆ ಮೂರನೆಯದು, ಅಂದರೆ ರಕ್ತ ತಗಲಿದ ನಂತರ, 18ರಲ್ಲಿ 16. ಎರಡನೆಯದು, ಅಸೆಪ್ಟಿಕ್ ಕೆಲಸಕ್ಕೆ ಮುನ್ನ, 30ರಲ್ಲಿ ಬರೀ 11, ಶೇ. 37. ಈ ಚಿತ್ರ ನಿಮ್ಮಲ್ಲೂ ಕಾಣುವ ಸಾಧ್ಯತೆ ಹೆಚ್ಚು. ತಮ್ಮ ಕೈಗೆ ಅಂಟಿದ್ದನ್ನು ಯಾರೂ ಹಾಗೇ ಬಿಡುವುದಿಲ್ಲ, ತಮ್ಮ ಕೈಯಿಂದ ರೋಗಿಗೆ ಹೋಗುವುದು ಕಣ್ಣಿಗೆ ಕಾಣುವುದಿಲ್ಲ. ಹೀಗೆ ಮಾಡುವವರಿಗೆ ಕೈ ಶುಚಿಯ ಬಗ್ಗೆ ಇನ್ನೊಂದು ತರಗತಿ ತೆಗೆದುಕೊಂಡರೆ ಏನೂ ಬದಲಾಗದು, ಅವರಿಗೆ ವಿಷಯ ಗೊತ್ತೇ ಇದೆ.

ಆದ್ದರಿಂದ ‘ಕಾರಣವೇನು’ ಎಂಬ ಕಾಲಮ್ ತುಂಬಲು ಓಟಿಗೇ ಹೋಗಿ ಅರಿವಳಿಕೆ ವೈದ್ಯರು ನಿಲ್ಲುವ ಜಾಗದಲ್ಲಿ ನೀವೇ ನಿಂತು ನೋಡಿ. ರೋಗಿಯ ತಲೆಯ ಬಳಿ, ಒಂದು ಕಡೆ ಯಂತ್ರ, ಇನ್ನೊಂದು ಕಡೆ ಡ್ರಿಪ್. ಹ್ಯಾಂಡ್‌ರಬ್ ಬಾಟಲಿ ಎಲ್ಲಿದೆ? ಬಹುತೇಕ ಬಾಗಿಲ ಪಕ್ಕದ ಗೋಡೆಯಲ್ಲಿ, ನಾಲ್ಕು ಹೆಜ್ಜೆ ಹಿಂದೆ. ಮಾಸ್ಕ್ ಹಿಡಿದಿರುವವರು ಅಲ್ಲಿಗೆ ಹೋಗಿಬರಲು ಸಾಧ್ಯವಿಲ್ಲ. ಆಗ ಸಾಲು ಹೀಗಾಗುತ್ತದೆ: ‘ಮೊಮೆಂಟ್ 2, 30ರಲ್ಲಿ 11. ಅರಿವಳಿಕೆಯವರ ಕೈಗೆಟಕುವಲ್ಲಿ ರಬ್ ಇಲ್ಲ. ಯಂತ್ರದ ಪಕ್ಕಕ್ಕೊಂದು, ಔಷಧದ ಟ್ರಾಲಿಗೊಂದು ಬಾಟಲಿ. ಓಟಿ ಇನ್‌ಚಾರ್ಜ್. ಶುಕ್ರವಾರದೊಳಗೆ. ಮುಂದಿನ ಎರಡು ವಾರದಲ್ಲಿ ಇದೇ ಮೊಮೆಂಟಿನ ಇನ್ನೂ 30 ಸಂದರ್ಭ ನೋಡುವುದು.’ ಬಾಟಲಿ ಇಡುವಾಗ ಕಾಟರಿಯಿಂದ ದೂರವಿರಲಿ, ರಬ್ ಪೂರ್ತಿ ಒಣಗಿದ ಮೇಲೆಯೇ ಕೆಲಸಕ್ಕೆ ಕೈ ಹಾಕಲಿ. ಅದರಲ್ಲಿರುವುದು ಹೊತ್ತಿಕೊಳ್ಳುವ ಆಲ್ಕೋಹಾಲ್.

‘ಗ್ಲೌಸ್ ಮಾತ್ರ’ ಎಂಬ ಗುರುತು ಜಾಸ್ತಿ ಬಂದಿದ್ದರೆ ಕಾರಣ ಬೇರೆ. ಅಲ್ಲಿ ಜನ ಗ್ಲೌಸನ್ನೇ ಕೈ ಶುಚಿ ಎಂದು ತಿಳಿದಿದ್ದಾರೆ. ಗ್ಲೌಸ್ ಡಬ್ಬಿ ಇರುವಲ್ಲೇ ರಬ್ ಬಾಟಲಿ ಇಟ್ಟು, ಮೊದಲು ಬಾಟಲಿ ಆಮೇಲೆ ಡಬ್ಬಿ ಎಂಬಂತೆ ಜೋಡಿಸುವುದು ನೇರ ಕ್ರಮ.

ಎರಡು ವಾರದ ನಂತರ 30ರಲ್ಲಿ 20 ಬಂದರೆ, ಅಂದರೆ ಶೇ. 67, ಆ ಸಾಲನ್ನು ಮುಚ್ಚಿ ದಿನಾಂಕ ಹಾಕಿ. 30ರಲ್ಲಿ 13 ಬಂದರೆ ಬಾಟಲಿಯೊಂದೇ ಕಾರಣವಲ್ಲ. ಆಗ ಕೆಲಸದ ಕ್ರಮ ನೋಡಬೇಕು. ರೋಗಿಯನ್ನು ಮುಟ್ಟಿದ ಮೇಲೆ ಔಷಧ ತುಂಬುವ ಅಭ್ಯಾಸವಿದ್ದರೆ, ಶುಚಿಯಾದ ಕೈಯಿಂದ ಮೊದಲೇ ಸಿರಿಂಜ್ ತುಂಬಿ ಲೇಬಲ್ ಹಚ್ಚಿಟ್ಟುಕೊಂಡರೆ ಮಧ್ಯದ ಎಷ್ಟೋ ಸಂದರ್ಭಗಳು ಹುಟ್ಟುವುದೇ ಇಲ್ಲ. ಇದನ್ನು ಅರಿವಳಿಕೆ ವೈದ್ಯರ ಜೊತೆಯೇ ಕೂತು ತೀರ್ಮಾನಿಸಿ, ‘ಯಾರು’ ಎಂಬ ಕಾಲಮ್ಮಿನಲ್ಲೂ ಅವರೇ ಇರಲಿ.

ತಿಂಗಳಿಂದ ತಿಂಗಳಿಗೆ ಅಂಕ ಹೋಲಿಸುವಾಗ ಒಂದು ಎಚ್ಚರ. 80 ಸಂದರ್ಭ ನೋಡಿ ಬಂದ ಶೇ. 60 ಎಂದರೆ ನಿಜವಾದದ್ದು ಸುಮಾರು 49ರಿಂದ 71ರ ನಡುವೆ ಎಲ್ಲೋ ಇದೆ ಎಂದರ್ಥ. ಮುಂದಿನ ತಿಂಗಳು 66 ಬಂದರೆ ಸುಧಾರಣೆ ಎಂದು ಬರೆಯಬೇಡಿ, 55 ಬಂದರೆ ಗಾಬರಿಯೂ ಬೇಡ. ಹೋಲಿಕೆಗೆ ಒಂದು ಅವಧಿಗೆ 200 ಸಂದರ್ಭ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಸಣ್ಣ ಓಟಿಯಲ್ಲಿ ತಿಂಗಳಿಗೆ ಅಷ್ಟು ಸಿಗದಿದ್ದರೆ ಮೂರು ತಿಂಗಳದ್ದು ಕೂಡಿಸಿ ಹೋಲಿಸಿ. ಮೇಲಿನ ಸರ್ಜನ್ನರ 10ರಲ್ಲಿ 8ನ್ನು ಶೇ. 80 ಎಂದು ಚಾರ್ಟಿನಲ್ಲಿ ಹಾಕಬೇಡಿ. ಒಂದು ಸಂದರ್ಭ ಆಚೀಚೆ ಆದರೆ ಅದು 70 ಅಥವಾ 90.

ನೋಡುತ್ತಿದ್ದಾರೆಂದು ತಿಳಿದಾಗ ಜನ ಹೆಚ್ಚು ಜಾಗರೂಕರಾಗುತ್ತಾರೆ, ಅದನ್ನು ಪೂರ್ತಿ ತಪ್ಪಿಸಲಾಗದು. ಅಡ್ಡಪರೀಕ್ಷೆಗೆ ಓಟಿಯಲ್ಲಿ ತಿಂಗಳಿಗೆ ಎಷ್ಟು ಹ್ಯಾಂಡ್‌ರಬ್ ಖರ್ಚಾಯಿತು, ಎಷ್ಟು ಕೇಸು ಆದವು ಎಂಬ ಎರಡು ಸಂಖ್ಯೆಗಳನ್ನು ಸಾರಾಂಶದ ಕೆಳಗೆ ಬರೆದಿಡಿ. ಅಂಕ 60ರಿಂದ 85ಕ್ಕೆ ಏರಿದೆ, ಕೇಸಿಗೆ ಖರ್ಚಾಗುವ ರಬ್ ಮಾತ್ರ ಅಷ್ಟೇ ಇದೆ ಎಂದರೆ, ಬದಲಾಗಿದ್ದು ನೋಡುವ ಹೊತ್ತಿನ ನಡವಳಿಕೆ ಅಥವಾ ನೋಡುವವರ ಪೆನ್ನು. ಪೆನ್ನಿನ ಅನುಮಾನ ಬಂದರೆ ಒಂದೇ ಕೇಸನ್ನು ಇಬ್ಬರು ಪಕ್ಕಪಕ್ಕ ನಿಂತು, ಮಾತಾಡದೆ, ಬೇರೆ ಬೇರೆ ಹಾಳೆಯಲ್ಲಿ ಬರೆಯಿರಿ. ಎರಡರಲ್ಲೂ ಸಂದರ್ಭಗಳ ಸಂಖ್ಯೆಯೇ ಹೊಂದದಿದ್ದರೆ ತೊಂದರೆ ಸಾಮಾನ್ಯವಾಗಿ ವಲಯದ ಗಡಿಯಲ್ಲಿರುತ್ತದೆ. ಫಾರ್ಮಿನ ಹಿಂಬದಿ ತೆಗೆದು ಆ ಪಟ್ಟಿಯನ್ನು ಇಬ್ಬರೂ ಮತ್ತೆ ಓದಿ, ನಿಮ್ಮಲ್ಲಿ ಗೊಂದಲ ತಂದ ವಸ್ತುವನ್ನು ಯಾವುದಾದರೂ ಒಂದು ಕಡೆಗೆ ಸೇರಿಸಿ.